ನೀರು ಎಷ್ಟು ಹೊತ್ತು ನಿಲ್ಲುತ್ತದೆ, ಬಾಕಿ ಎಷ್ಟು: ಎರಡು ಪುಟದ ನೋಟೀಸು, ಹತ್ತು ಸಾಲಿನ ಚೀಟಿ

ಆಗಸ್ಟ್ ಮೊದಲ ವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕದ ಫಲಕದಲ್ಲಿ ಸಂಘದ ನೋಟೀಸು ಕಾಣಿಸಿಕೊಂಡಿತು. ಎರಡು ಪುಟ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರ. ಶನಿವಾರ, ಭಾನುವಾರ ಸಂಪು ಮತ್ತು ಓವರ್‌ಹೆಡ್ ಟ್ಯಾಂಕ್ ಸ್ವಚ್ಛತೆ, ಆ ಎರಡೂ ದಿನ ನೀರು ಸರಬರಾಜಿನಲ್ಲಿ ವ್ಯತ್ಯಯ. ನಿರ್ವಹಣಾ ಶುಲ್ಕ ಬಾಕಿ ಇರುವವರು 10ನೇ ತಾರೀಖಿನೊಳಗೆ ಬಡ್ಡಿ ಸಮೇತ ಕಟ್ಟಬೇಕು. ತಪ್ಪಿದರೆ ಅವರ ನೀರು ನಿಲ್ಲಿಸಲಾಗುವುದು. ಸಾರಾಂಶ ಇಷ್ಟೆ. ಆದರೆ ಸಂಜೆಯ ಹೊತ್ತಿಗೆ ಮೂರನೇ ಮಹಡಿಯ ಅಜ್ಜಿ ನಮ್ಮ ಬಾಗಿಲು ತಟ್ಟಿ, "ಏನಮ್ಮಾ, ಎರಡು ದಿನ ನೀರೇ ಇರಲ್ವಂತೆ? ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಮನೆ ತುಂಬಾ ನೆಂಟರು. ನಾನು ಎಷ್ಟು ಬಕೆಟ್ ಹಿಡಿದಿಡಲಿ?" ಎಂದು ಕೇಳಿದರು. ಅವರ ಪ್ರಶ್ನೆಗೆ ಆ ಎರಡು ಪುಟದಲ್ಲಿ ಉತ್ತರ ಇರಲಿಲ್ಲ.

ಅಕ್ಕಪಕ್ಕದವರಿಗೆ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. ಇರುವುದನ್ನು ಚಿಕ್ಕದು ಮಾಡಿದರೆ ಸಾಕು ಎಂದುಕೊಂಡಿದ್ದೆ. ಕೂತು ನೋಡಿದಾಗ ನೋಟೀಸಿನಲ್ಲಿ ಇಲ್ಲದ್ದನ್ನೇ ಮೊದಲು ತಿಳಿದುಕೊಳ್ಳಬೇಕಿತ್ತು: ಯಾರ ಮನೆಯಲ್ಲಿ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ನಲ್ಲಿ ಬಂದ್? ಕಾರ್ಯದರ್ಶಿಯವರನ್ನೂ ಪ್ಲಂಬರನ್ನೂ ಕರೆದುಕೊಂಡು ಸಂಪಿನ ಬಳಿ ಹೋದೆ.

ನಮ್ಮದು 48 ಮನೆ, ಎ ಮತ್ತು ಬಿ ಎಂದು ಎರಡು ಬ್ಲಾಕ್. ನೆಲದಡಿಯ ಸಂಪು 60,000 ಲೀಟರ್. ಪ್ರತಿ ಬ್ಲಾಕಿನ ಮೇಲೆ 20,000 ಲೀಟರಿನ ಒಂದೊಂದು ಟ್ಯಾಂಕ್. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂಬುದು ಎಂಜಿನಿಯರುಗಳು ಇಟ್ಟುಕೊಳ್ಳುವ ಲೆಕ್ಕ. ಮನೆಗೆ ನಾಲ್ಕು ಜನ ಎಂದರೆ 48 ಮನೆಗೆ ದಿನಕ್ಕೆ ಸುಮಾರು 26,000 ಲೀಟರ್. ಈ ಮೂರು ಅಂಕಿ ಸಿಕ್ಕ ಮೇಲೆ ಉಳಿದದ್ದು ತಾನಾಗಿಯೇ ಬಿಚ್ಚಿಕೊಂಡಿತು.

ಸ್ವಚ್ಛ ಮಾಡುವಾಗ ಸಂಪು ಮೊದಲು, ಮೇಲಿನ ಟ್ಯಾಂಕ್ ಆಮೇಲೆ. ಉಲ್ಟಾ ಮಾಡಿದರೆ ತೊಳೆದ ಟ್ಯಾಂಕಿಗೆ ತೊಳೆಯದ ಸಂಪಿನ ನೀರೇ ಏರುತ್ತದೆ, ಮಾಡಿದ ಕೆಲಸ ಅದೇ ದಿನ ಹಾಳು. ಇನ್ನೊಂದು ವಿಷಯ, ಸಂಪು ಖಾಲಿ ಮಾಡುವುದೆಂದರೆ ತುಂಬಿದ ನೀರನ್ನು ಮೋರಿಗೆ ಬಿಡುವುದಲ್ಲ. ಗುರುವಾರ ಬೆಳಿಗ್ಗೆ ತುಂಬಿದ ಸಂಪಿಗೆ ನೀರು ಬರುವ ವಾಲ್ವ್ ಮುಚ್ಚಿದರೆ, ಗುರುವಾರ, ಶುಕ್ರವಾರ ಎರಡು ದಿನದ ಬಳಕೆಯಲ್ಲೇ 52,000 ಲೀಟರ್ ಇಳಿಯುತ್ತದೆ. ಉಳಿಯುವುದು 8,000. ಅದರಲ್ಲೂ ತಳದ ಸುಮಾರು ಒಂದು ಗೇಣಿನಷ್ಟು, ಅಂದರೆ 6,000 ಲೀಟರಿನಷ್ಟು ನೀರನ್ನು ಮೋಟಾರು ಎತ್ತುವುದೇ ಇಲ್ಲ, ಏಕೆಂದರೆ ಫುಟ್‌ವಾಲ್ವ್ ಅದಕ್ಕಿಂತ ಮೇಲಿದೆ. ತಳದಲ್ಲಿ ಕೂತ ಹೂಳು ಮನೆಗಳಿಗೆ ಬರದಂತೆ ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಹಬ್ಬಕ್ಕೆ ನೆಂಟರು ಬಂದು ಶುಕ್ರವಾರ ಒಂದೆರಡು ಸಾವಿರ ಲೀಟರ್ ಹೆಚ್ಚು ಖರ್ಚಾದರೂ ಕೊರತೆ ಇಲ್ಲ. ಕಾರ್ಯದರ್ಶಿಯವರು ಮೊದಲು ಶುಕ್ರವಾರ ರಾತ್ರಿ ವಾಲ್ವ್ ಮುಚ್ಚುವ ಯೋಚನೆಯಲ್ಲಿದ್ದರು. ಹಾಗೆ ಮಾಡಿದ್ದರೆ ಶನಿವಾರ ಬೆಳಿಗ್ಗೆ ಅರ್ಧ ಸಂಪು ಒಳ್ಳೆಯ ನೀರು ಚರಂಡಿ ಪಾಲಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಆರಕ್ಕೆ ಎರಡೂ ಓವರ್‌ಹೆಡ್ ಟ್ಯಾಂಕ್ ತುಂಬಿಟ್ಟರೆ ಮೇಲೆ 40,000 ಲೀಟರ್ ಇರುತ್ತದೆ, ಅಂದರೆ ಒಂದೂವರೆ ದಿನದ ನೀರು. ಹಾಗಾಗಿ ಶನಿವಾರ ಸಂಪು ತೊಳೆಯುವಾಗ ಯಾರ ಮನೆಯಲ್ಲೂ ನೀರು ನಿಲ್ಲುವುದಿಲ್ಲ. ಸಂಜೆ ತೊಳೆದ ಸಂಪಿಗೆ ಕಾವೇರಿ ನೀರು ಬಿಟ್ಟು, ಸಾಲದಿದ್ದರೆ ಟ್ಯಾಂಕರ್ ತರಿಸಿ ತುಂಬುತ್ತಾರೆ. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಎ ಬ್ಲಾಕಿನ ಟ್ಯಾಂಕ್, ಮಧ್ಯಾಹ್ನ ಎರಡರಿಂದ ಬಿ ಬ್ಲಾಕಿನದು. ಒಂದೊಂದಕ್ಕೆ ಐದು ಗಂಟೆ. ಎರಡನ್ನೂ ಒಟ್ಟಿಗೆ ಖಾಲಿ ಮಾಡದಿರಲು ಇನ್ನೊಂದು ಕಾರಣವೂ ಇದೆ: ನಮ್ಮಲ್ಲಿ ಬೆಂಕಿ ಆರಿಸುವ ಪೈಪಿಗೂ ನೀರು ಇದೇ ಟ್ಯಾಂಕುಗಳಿಂದಲೇ. ಒಂದರಲ್ಲಾದರೂ ನೀರು ಇರಲೇಬೇಕು.

ಎರಡು ದಿನದ ವ್ಯತ್ಯಯ ಎಂದು ನೋಟೀಸು ಹೇಳಿದ್ದು ಹೀಗೆ ಮನೆಗೆ ಐದು ಗಂಟೆಗೆ ಇಳಿಯಿತು. ಅಜ್ಜಿಗೆ ಹೇಳಿದೆ: "ಹಬ್ಬಕ್ಕೆ ಏನೂ ತೊಂದರೆ ಇಲ್ಲ ಅಜ್ಜಿ. ಭಾನುವಾರ ಬೆಳಿಗ್ಗೆ ಅಡಿಗೆಗೆ ಎರಡು ಬಿಂದಿಗೆ, ಬಚ್ಚಲಿಗೆ ಮೂರು ಬಕೆಟ್ ಹಿಡಿದಿಡಿ, ಸಾಕು." ನಮ್ಮಲ್ಲಿ ಫ್ಲಶ್‌ಗೂ ಇದೇ ನೀರು ಬರುವುದರಿಂದ ಮೂರು ಬಕೆಟ್ ಎಂದೆ. ಎಸ್‌ಟಿಪಿಯಲ್ಲಿ ಶುದ್ಧವಾದ ನೀರು ಬೇರೆ ಪೈಪಿನಲ್ಲಿ ಫ್ಲಶ್‌ಗೆ ಬರುವ ಹೊಸ ಕಟ್ಟಡಗಳಲ್ಲಿ ಅಷ್ಟೂ ಬೇಡ. ಆ ಟ್ಯಾಂಕಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ.

ನೀರು ನಿಂತಾಗಿನ ತೊಂದರೆಗಿಂತ ಮರಳಿ ಬರುವಾಗಿನ ತೊಂದರೆ ಹೆಚ್ಚು. ಖಾಲಿಯಾದ ಪೈಪಿಗೆ ನೀರು ನುಗ್ಗುವಾಗ ಗಾಳಿಯನ್ನು ತಳ್ಳಿಕೊಂಡು, ಒಳಗೆ ಅಂಟಿದ್ದ ಉಪ್ಪು, ತುಕ್ಕು ಕಿತ್ತುಕೊಂಡು ಬರುತ್ತದೆ. ಮೊದಲ ಐದು ಹತ್ತು ನಿಮಿಷ ಕೆಂಪು ಅಥವಾ ಮಸುಕು ಬಣ್ಣ ಕಂಡರೆ ಟ್ಯಾಂಕ್ ತೊಳೆದಿಲ್ಲ ಎಂದು ಸಿಟ್ಟಾಗಬೇಕಿಲ್ಲ. ಬಚ್ಚಲಿನ ಕೆಳಗಿನ ನಲ್ಲಿಯನ್ನು ಮೊದಲು ತೆಗೆದು ತಿಳಿಯಾಗುವ ತನಕ ಬಕೆಟಿಗೆ ಬಿಡಿ, ಆ ನೀರು ನೆಲ ಒರೆಸಲು ಆಗುತ್ತದೆ. ಶವರನ್ನೋ ವಾಷಿಂಗ್ ಮಷಿನನ್ನೋ ಮೊದಲು ತೆರೆದರೆ ಅವುಗಳ ಜಾಲರಿಯಲ್ಲಿ ಆ ಕಸ ಸಿಕ್ಕಿಕೊಳ್ಳುತ್ತದೆ. ಕುಡಿಯುವ ನೀರಿನ ಆರ್‌ಒ ಯಂತ್ರಕ್ಕೆ ಹೋಗುವ ಸಣ್ಣ ವಾಲ್ವನ್ನು ಭಾನುವಾರ ಮುಚ್ಚಿಡಿ. ಕ್ಲೋರಿನ್ ಹೆಚ್ಚಿದ್ದರೆ ಅದರ ಮೆಂಬ್ರೇನು ಕೆಡುತ್ತದೆ. ಗೀಸರಿನ ಸ್ವಿಚ್ ಆರಿಸಿರಿ. ನೀರಿಲ್ಲದಾಗ ನಲ್ಲಿ ತಿರುಗಿಸಿ ನೋಡಿ ಹಾಗೇ ಬಿಡುವವರು ಪ್ರತಿ ಸಲವೂ ಒಬ್ಬರಿರುತ್ತಾರೆ. ಹೋದ ವರ್ಷ ಹಾಗೆ ಬಿಟ್ಟ ನಲ್ಲಿಯಿಂದ, ಮನೆಯವರು ಊರಿಗೆ ಹೋಗಿದ್ದಾಗ, ಕೆಳಗಿನ ಮನೆಯ ಸೂರಿನಿಂದ ರಾತ್ರಿಯಿಡೀ ನೀರು ತೊಟ್ಟಿಕ್ಕಿತು.

ನೋಟೀಸಿನಲ್ಲಿ ಒಂದು ಅಕ್ಷರವೂ ಇಲ್ಲದಿದ್ದುದು ಸಂಪಿಗೆ ಇಳಿಯುವ ಮನುಷ್ಯನ ವಿಷಯ. ಈ ಬಗ್ಗೆ ತುಸು ಹೆಚ್ಚು ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪಾದರೆ ಹೋಗುವುದು ಜೀವ. ಮುಚ್ಚಿದ ಸಂಪಿನೊಳಗೆ ಗಾಳಿ ಆಡುವುದಿಲ್ಲ, ಹೂಳು ಕೊಳೆತು ಆಮ್ಲಜನಕ ಕಡಿಮೆಯಾಗಿರಬಹುದು. ಒಳಗೆ ಇಳಿದವನಿಗೆ ಅದು ಗೊತ್ತಾಗುವುದೇ ಇಲ್ಲ, ತಲೆ ಸುತ್ತಿ ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಸಂಪಿನ ಸಾವುಗಳು ಒಂದಕ್ಕೆ ನಿಲ್ಲದಿರುವುದು ಇದರಿಂದಲೇ. ಮತ್ತೊಂದು ಅಪಾಯ ಕರೆಂಟು. ಕೆಸರು ನೀರು ಎತ್ತಲು ಇಳಿಬಿಡುವ ಪಂಪಿನ ಹರಿದ ವೈರಿನಿಂದ, ಮೊಣಕಾಲುದ್ದ ನೀರಿನಲ್ಲಿ ನಿಂತವನಿಗೆ ಶಾಕ್ ಹೊಡೆಯುತ್ತದೆ. ಪೆಟ್ರೋಲ್ ಪಂಪನ್ನು ಸಂಪಿನ ಒಳಗೋ ಬಾಯಿಯ ಬಳಿಯೋ ಇಟ್ಟರೆ ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕೆಳಗೆ ತುಂಬಿಕೊಳ್ಳುತ್ತದೆ.

ಹಾಗಾಗಿ ಗುತ್ತಿಗೆದಾರರು ಬಂದಾಗ ನೋಡಬೇಕಾದ್ದು ದರಕ್ಕಿಂತ ಮೊದಲು ಇದು. ಸಂಪಿಗೆ ಎರಡು ಮುಚ್ಚಳವಿದ್ದರೆ ಎರಡನ್ನೂ ತೆರೆದು ಬ್ಲೋವರಿನಿಂದ ಗಾಳಿ ಊದಿಸಿದ್ದಾರೆಯೇ? ಆಮ್ಲಜನಕ ಅಳೆಯುವ ಕೈ ಉಪಕರಣ ತಂದಿದ್ದಾರೆಯೇ? ಒಳಗೆ ಇಳಿಯುವವನ ಸೊಂಟಕ್ಕೆ ಹಗ್ಗದ ಬೆಲ್ಟ್ ಇದೆಯೇ, ಆ ಹಗ್ಗ ಹಿಡಿದು ಬೇರೆ ಯಾವ ಕೆಲಸವನ್ನೂ ಮಾಡದೆ ಮೇಲೆ ನಿಂತವನೊಬ್ಬ ಇದ್ದಾನೆಯೇ? ಸಂಪಿನ ಮೋಟಾರಿನ ಮೇನ್ ಸ್ವಿಚ್ ಆರಿಸಿ ಫ್ಯೂಸ್ ತೆಗೆದಿಟ್ಟಿದ್ದಾರೆಯೇ? ನಮ್ಮ ಮೋಟಾರು ನೀರಿನ ಮಟ್ಟ ನೋಡಿ ತಾನೇ ಚಾಲೂ ಆಗುವಂಥದ್ದು, ಸ್ವಿಚ್ ಆರಿಸದಿದ್ದರೆ ಮನುಷ್ಯ ಒಳಗಿರುವಾಗಲೇ ಅದು ತಿರುಗಬಹುದು. ಮೇಣದ ಬತ್ತಿ ಹಚ್ಚಿ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ಬತ್ತಿ ಉರಿಯುವ ಗಾಳಿಯಲ್ಲೂ ಮನುಷ್ಯನಿಗೆ ಸಾಲುವಷ್ಟು ಆಮ್ಲಜನಕ ಇಲ್ಲದಿರಬಹುದು, ವಿಷಗಾಳಿ ಇದ್ದರೆ ಬತ್ತಿ ಹೇಳುವುದೂ ಇಲ್ಲ. ಒಳಗೆ ಯಾರಾದರೂ ಬಿದ್ದರೆ ಹಗ್ಗದಿಂದ ಎಳೆಯಬೇಕು, ಅಗ್ನಿಶಾಮಕ ದಳವನ್ನು ಕರೆಯಬೇಕು. ಯಾರೂ ಇಳಿಯಬಾರದು.

ಕೆಲಸದ ಕ್ರಮ ಸರಳ. ತಳದ ಕೆಸರು ನೀರನ್ನು ಪಂಪಿನಿಂದ ಎತ್ತಿ, ಗೋಡೆ, ತಳ, ಮೂಲೆಗಳನ್ನು ಬ್ರಷ್ಷಿನಿಂದಲೋ ಜೋರು ನೀರಿನ ಜೆಟ್‌ನಿಂದಲೋ ಉಜ್ಜಿ, ಕಿತ್ತು ಬಂದದ್ದನ್ನು ಮತ್ತೆ ಎತ್ತಿ ತೆಗೆಯಬೇಕು. ಪಾಚಿ ಉಳಿಯುವುದು ಮೂಲೆಗಳಲ್ಲಿ ಮತ್ತು ಮುಚ್ಚಳದ ಒಳಮೈಯಲ್ಲಿ. ಫೋಟೋ ಕೇಳುವಾಗ ಅವೆರಡರ ಫೋಟೋ ಕೇಳಿ. ಆಮೇಲೆ ಕ್ಲೋರಿನ್. ಬ್ಲೀಚಿಂಗ್ ಪುಡಿಯಲ್ಲಿ ಕಾಲು ಭಾಗ ಕ್ಲೋರಿನ್ ಇದೆ ಎಂದುಕೊಂಡರೆ, 20 ಲೀಟರ್ ಬಕೆಟಿಗೆ 16 ಗ್ರಾಂ, ಎಂದರೆ ಒಂದು ದೊಡ್ಡ ಚಮಚದಷ್ಟು ಪುಡಿ ಕಲಸಿ ಗೋಡೆಗೆಲ್ಲ ಹಚ್ಚಿ ಅರ್ಧ ಗಂಟೆ ಬಿಡಬೇಕು, ನಂತರ ತೊಳೆದು ಆ ನೀರನ್ನೂ ಹೊರಹಾಕಬೇಕು. ಬಾಯಿ ತೆರೆದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟ ಪುಡಿ ಸತ್ವ ಕಳೆದುಕೊಂಡಿರುತ್ತದೆ, ಆ ದಿನವೇ ಒಡೆದ ಪೊಟ್ಟಣ ಬಳಸಲು ಹೇಳಿ. ಉಪ್ಪಿನ ಕರೆ ತೆಗೆಯಲು ಕೆಲವರು ಆಸಿಡ್ ತರುತ್ತಾರೆ. ಆಸಿಡ್ಡೂ ಬ್ಲೀಚಿಂಗ್ ಪುಡಿಯೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ, ಮುಚ್ಚಿದ ಸಂಪಿನಲ್ಲಿ ಅದು ಮಾರಕ. ಸಂಪಿನ ಬಳಿ ಆಸಿಡ್ ಬಾಟಲಿ ಕಂಡರೆ ಕೆಲಸ ನಿಲ್ಲಿಸಿ ಕೇಳಿ.

ತೊಳೆದದ್ದು ಸರಿಯಾಗಿದೆಯೇ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕ್ಲೋರಿನ್ ಹಾಕಿದ ನೀರು ನಲ್ಲಿಗೆ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ಅಳೆಯುವ ಪುಟ್ಟ ಕಿಟ್ ಅಂಗಡಿಗಳಲ್ಲಿ ಸಿಗುತ್ತದೆ: ಎರಡು ಮೂರು ತೊಟ್ಟು ಹಾಕಿದರೆ ನೀರು ಹಳದಿಯಾಗುತ್ತದೆ, ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ಓದಬಹುದು. ಬಣ್ಣ ಬರಲೇ ಇಲ್ಲವೆಂದರೆ ಕ್ಲೋರಿನ್ ಉಳಿದಿಲ್ಲ. ಜೊತೆಗೆ ಎಚ್‌ಟುಎಸ್ ಶೀಶೆ ಎಂದು ಒಂದು ಬರುತ್ತದೆ, ಅದಕ್ಕೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಕೊಳಚೆಯ ಸೂಕ್ಷ್ಮಾಣು ಇರುವ ಅನುಮಾನ. ಆಗ ಪ್ರಯೋಗಾಲಯಕ್ಕೆ ಕಳುಹಿಸಲೇಬೇಕು.

ಇನ್ನು ಬಾಕಿಯ ಮಾತು. ಸ್ವಚ್ಛತೆಯ ನೋಟೀಸಿನಲ್ಲೇ ಬಾಕಿಯನ್ನೂ ಸೇರಿಸಿದ್ದೇಕೆ ಎಂದು ಕಾರ್ಯದರ್ಶಿಯವರನ್ನು ಕೇಳಿದೆ. ಕಾವಲುಗಾರರ ಸಂಬಳ, ಕರೆಂಟ್ ಬಿಲ್ಲು, ಲಿಫ್ಟಿನ ಒಪ್ಪಂದ, ಟ್ಯಾಂಕರ್ ಯಾವುದನ್ನೂ ಮುಂದೂಡಲಾಗುವುದಿಲ್ಲ, ಹಣ ಕಡಿಮೆ ಬಿದ್ದಾಗ ಮುಂದಕ್ಕೆ ಹೋಗುವುದು ಟ್ಯಾಂಕ್ ತೊಳೆಯುವ ಕೆಲಸವೇ ಎಂದರು. ಆರು ತಿಂಗಳಿಗೊಮ್ಮೆ ಆಗಬೇಕಾದ್ದು ಈ ಸಲ ಹತ್ತು ತಿಂಗಳಾಗಿತ್ತು. ಈ ಮಾತು ನೋಟೀಸಿನಲ್ಲೇ ಇದ್ದಿದ್ದರೆ ಓದಿದವರಿಗೆ ಹಣ ಕಟ್ಟುವ ಕಾರಣ ಅರ್ಥವಾಗುತ್ತಿತ್ತು.

ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ತಮ್ಮ ಬಿಲ್ಲು ತಂದು ತೋರಿಸಿದರು. 1,150 ಚದರ ಅಡಿಯ ಮನೆ, ಅಡಿಗೆ 3.50 ರೂಪಾಯಿ, ತಿಂಗಳಿಗೆ 4,025. ಆಸ್ಪತ್ರೆಯ ಓಡಾಟದಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ತಿಂಗಳು ಕಟ್ಟಿರಲಿಲ್ಲ. ಅಸಲು 16,100. ಬೈಲಾ ಪ್ರಕಾರ ಬಡ್ಡಿ ವರ್ಷಕ್ಕೆ ಶೇ. 12, ಅಂದರೆ ತಿಂಗಳಿಗೆ ಶೇ. 1. ಬಿಲ್ಲಿನಲ್ಲಿ 16,100ಕ್ಕೆ ನಾಲ್ಕು ತಿಂಗಳ ಬಡ್ಡಿ 644 ಸೇರಿಸಿ 16,744 ಎಂದಿತ್ತು. ಇದು ತಪ್ಪು. ಆಗಸ್ಟ್ 10ಕ್ಕೆ ನಾಲ್ಕು ತಿಂಗಳು ತಡವಾದದ್ದು ಏಪ್ರಿಲ್ ಕಂತು ಮಾತ್ರ. ಮೇ ಕಂತು ಮೂರು ತಿಂಗಳು, ಜೂನ್ ಎರಡು, ಜುಲೈ ಒಂದು. ಕೂಡಿದರೆ ಹತ್ತು ತಿಂಗಳ ಬಡ್ಡಿ, ಒಂದು ಕಂತಿನ ಶೇ. 10, ಅಂದರೆ 402.50. ಕಟ್ಟಬೇಕಾದ್ದು 16,502.50. ವ್ಯತ್ಯಾಸ 241.50 ರೂಪಾಯಿ ಅಷ್ಟೇ ಇರಬಹುದು, ಆದರೆ ತಪ್ಪು ಲೆಕ್ಕದ ಬಿಲ್ಲು ಕೈಗೆ ಸಿಕ್ಕವರು ಸರಿಯಾದ ಬಾಕಿಯನ್ನೂ ಕಟ್ಟಲು ಹಿಂಜರಿಯುತ್ತಾರೆ. ಬಿಲ್ಲು ಮಾಡುವ ಲೆಕ್ಕಿಗರು ಅದನ್ನು ಅದೇ ದಿನ ತಿದ್ದಿಕೊಟ್ಟರು.

ಮೇಷ್ಟ್ರು ಬಡ್ಡಿ ಬಿಟ್ಟು 16,100 ಮಾತ್ರ ಕಟ್ಟಲು ಹೊರಟಿದ್ದರು. ನಮ್ಮ ಸಂಘದ ಲೆಕ್ಕದ ತಂತ್ರಾಂಶ ಬಂದ ಹಣವನ್ನು ಮೊದಲು ಬಡ್ಡಿಗೆ ವಜಾ ಮಾಡುತ್ತದೆ. ಹಾಗಾಗಿ 402.50 ಅಸಲಾಗಿಯೇ ಉಳಿದು, ತಿಂಗಳು ತಿಂಗಳು ಅವರ ಹೆಸರು ಬಾಕಿ ಪಟ್ಟಿಯಲ್ಲಿ ಬರುತ್ತಲೇ ಇರುತ್ತಿತ್ತು. ಬಡ್ಡಿ ಮನ್ನಾ ಬೇಕಿದ್ದರೆ ಪತ್ರ ಬರೆದು ಸಮಿತಿಯಲ್ಲಿ ಒಪ್ಪಿಗೆ ಪಡೆದೇ ಕಟ್ಟಬೇಕು. ಇನ್ನೊಂದು ಮನೆಯದು ಬೇರೆಯೇ ಕತೆ. ಮಗ ಬೇರೆ ಊರಿನಿಂದ ತನ್ನ ಖಾತೆಯಿಂದ ಯುಪಿಐನಲ್ಲಿ ಕಳುಹಿಸುತ್ತಿದ್ದ, ಫ್ಲ್ಯಾಟ್ ಸಂಖ್ಯೆ ಬರೆಯುತ್ತಿರಲಿಲ್ಲ. ಯಾರದೆಂದು ತಿಳಿಯದ ಹಣ ಬ್ಯಾಂಕಿನಲ್ಲಿತ್ತು, ಅಪ್ಪ ಅಮ್ಮನ ಹೆಸರು ಬಾಕಿ ಪಟ್ಟಿಯಲ್ಲಿತ್ತು. ಒಂಬತ್ತು ಮನೆ ಬಾಕಿ ಎಂದದ್ದು ಹೀಗೆ ಎಂಟಾಯಿತು.

ಬಾಕಿದಾರರ ನೀರು ನಿಲ್ಲಿಸುತ್ತೇವೆ ಎಂಬ ಸಾಲನ್ನು ನಾನು ಚೀಟಿಗೆ ತರಲಿಲ್ಲ, ಮೂಲ ನೋಟೀಸಿನಿಂದಲೂ ತೆಗೆಯಬೇಕೆಂದು ಸಮಿತಿಗೆ ಹೇಳಿದೆ. ಬದುಕುವ ಹಕ್ಕಿನಲ್ಲಿ ಶುದ್ಧ ನೀರೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹಣ ವಸೂಲಿಗೆ ಕಾನೂನಿನ ದಾರಿ ಬೇರೆಯೇ ಇದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ನೋಂದಾಯಿಸಿದ ಸಂಘವಾದರೆ, ಕಟ್ಟದ ಶುಲ್ಕ ಆ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ನಿಲ್ಲುತ್ತದೆ. ಲಿಖಿತ ಬೇಡಿಕೆ, ವಕೀಲರ ನೋಟೀಸು, ಕೊನೆಗೆ ನ್ಯಾಯಾಲಯ, ಇದು ಕ್ರಮ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರುವವರೂ ತಮ್ಮ ಬೈಲಾ ಹಿಡಿದು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಬೈಲಾದಲ್ಲಿ ಇಲ್ಲದ ಬಡ್ಡಿ, ದಂಡ ಹಾಕಿದರೆ ಅಲ್ಲಿ ನಿಲ್ಲುವುದು ಕಷ್ಟ. ಬಾಡಿಗೆಗೆ ಇರುವವರು ಗಾಬರಿಯಾಗಬೇಕಿಲ್ಲ: ಸಂಘಕ್ಕೆ ಉತ್ತರಿಸಬೇಕಾದವರು ಮಾಲೀಕರು. ತಿಂಗಳ ಶುಲ್ಕ ಯಾರು ಕಟ್ಟಬೇಕೆಂಬುದು ನಿಮ್ಮಿಬ್ಬರ ಕರಾರಿನ ಮಾತು.

ಹೆಸರುಗಳನ್ನೂ ಚೀಟಿಯಲ್ಲಿ ಹಾಕಲಿಲ್ಲ. ಯಾರ ಬಾಕಿ ಎಷ್ಟೆಂಬುದು ಅವರವರ ಬಿಲ್ಲಿನಲ್ಲಿ ಇದ್ದರೆ ಸಾಕು. ಮೇಷ್ಟ್ರ ಹೆಸರನ್ನು ಲಿಫ್ಟಿನ ಪಕ್ಕ ಅಂಟಿಸಿದ್ದರೆ, ತಪ್ಪು ಲೆಕ್ಕದ ಮೊತ್ತವನ್ನೇ ಎಲ್ಲರೂ ಓದುತ್ತಿದ್ದರು. ಕೊನೆಗೆ ಸಮಿತಿ ಒಪ್ಪಿ, ಮನೆಮನೆಗೆ ಹೋದ ಚೀಟಿ ಇದು:

"ನೆರೆಯವರಿಗೆ ನಮಸ್ಕಾರ.
ಆಗಸ್ಟ್ 9, ಶನಿವಾರ: ಸಂಪು ಸ್ವಚ್ಛತೆ. ಮನೆಗಳಲ್ಲಿ ನೀರು ಇರುತ್ತದೆ, ಮಿತವಾಗಿ ಬಳಸಿ.
ಆಗಸ್ಟ್ 10, ಭಾನುವಾರ: ಎ ಬ್ಲಾಕಿನಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 2, ಬಿ ಬ್ಲಾಕಿನಲ್ಲಿ ಮಧ್ಯಾಹ್ನ 2ರಿಂದ ಸಂಜೆ 7ರವರೆಗೆ ನೀರು ಇರುವುದಿಲ್ಲ.
ಎರಡು ಬಿಂದಿಗೆ, ಮೂರು ಬಕೆಟ್ ನೀರು ಹಿಡಿದಿಡಿ.
ಎಲ್ಲ ನಲ್ಲಿ, ಗೀಸರ್ ಸ್ವಿಚ್, ಆರ್‌ಒ ವಾಲ್ವ್ ಮುಚ್ಚಿಡಿ.
ನೀರು ಬಂದ ಮೇಲೆ ಬಚ್ಚಲಿನ ಕೆಳಗಿನ ನಲ್ಲಿಯನ್ನು ಮೊದಲು ತೆಗೆದು, ತಿಳಿಯಾದ ಮೇಲೆ ಬಳಸಿ.
ಮಕ್ಕಳನ್ನು ಸಂಪಿನ ಬಳಿ ಬಿಡಬೇಡಿ.
ನಿರ್ವಹಣಾ ಶುಲ್ಕ ಬಾಕಿ ಇದ್ದವರು ಆಗಸ್ಟ್ 10ರೊಳಗೆ ಕಟ್ಟಿ. ಯುಪಿಐನಲ್ಲಿ ಫ್ಲ್ಯಾಟ್ ಸಂಖ್ಯೆ, ತಿಂಗಳು ಬರೆಯಿರಿ.
ಬಿಲ್ಲಿನಲ್ಲಿ ತಪ್ಪಿದ್ದರೆ, ಒಟ್ಟಿಗೆ ಕಟ್ಟಲು ಕಷ್ಟವಿದ್ದರೆ 8ರೊಳಗೆ ಕಚೇರಿಗೆ ತಿಳಿಸಿ, ಕಂತು ಮಾಡಿಕೊಡುತ್ತಾರೆ.
ಪೂರ್ಣ ನೋಟೀಸು ಲಿಫ್ಟಿನ ಪಕ್ಕದ ಫಲಕದಲ್ಲಿದೆ."

ಭಾನುವಾರ ಎ ಬ್ಲಾಕಿಗೆ ಎರಡೂಕಾಲಿಗೆ ನೀರು ಬಂತು, ಬಿ ಬ್ಲಾಕಿಗೆ ಏಳೂವರೆ ಆಯಿತು. ಎಂಟು ಬಾಕಿ ಮನೆಗಳಲ್ಲಿ ಐದು ಪೂರ್ತಿ ಕಟ್ಟಿದವು, ಎರಡು ಕಂತು ಕೇಳಿದವು, ಒಂದರಿಂದ ಉತ್ತರವಿಲ್ಲ. ಅವರಿಗೆ ಲಿಖಿತ ಬೇಡಿಕೆ ಹೋಗಿದೆ. ಸೋಮವಾರ ಬೆಳಿಗ್ಗೆ ಅಜ್ಜಿಯ ಅಡಿಗೆಮನೆಯ ನಲ್ಲಿಯಲ್ಲಿ ಕ್ಲೋರಿನ್ ಅಳೆದೆವು: 0.5. ನಿಮ್ಮ ಕಟ್ಟಡದಲ್ಲೂ ಇಂಥ ನೋಟೀಸು ಬಂದರೆ, ಸಂಪಿಗೆ ಇಳಿಯುವವನ ಹಗ್ಗ ಮೇಲೆ ಯಾರು ಹಿಡಿದಿರುತ್ತಾರೆ ಎಂಬುದನ್ನು ದಯವಿಟ್ಟು ಮೊದಲು ಕೇಳಿ.